ಕುತೂಹಲದ ಕವರ್‌ಗೆ ಕ್ಲಿಕ್ ಜಾಸ್ತಿ, ಆದರೆ ಮಿಲ್‌ನವರ ಫೋನೇ ಬರುತ್ತಿಲ್ಲ. ಯಾವುದನ್ನು ಇಡಲಿ?

ರೋಲ್_ಗಂಗಾವತಿ

ನಮಸ್ಕಾರ. ಗಂಗಾವತಿಯಲ್ಲಿ ರೈಸ್ ಮಿಲ್‌ಗಳಿಗೆ ಭತ್ತದ ಸಿಪ್ಪೆ ಬಿಡಿಸುವ ಶೆಲ್ಲರ್‌ನ ರಬ್ಬರ್ ರೋಲ್ ಸಪ್ಲೈ ಮಾಡುತ್ತೇನೆ, ಸರ್ವಿಸೂ ಇದೆ. ಯೂಟ್ಯೂಬ್‌ನಲ್ಲಿ ಏಳು ನಿಮಿಷದ ಒಂದು ವಿಡಿಯೋ ಹಾಕಿದ್ದೇನೆ. ವಿಷಯ ಇಷ್ಟೇ: ಎರಡು ರೋಲ್‌ನಲ್ಲಿ ಜೋರಾಗಿ ತಿರುಗುವುದು ಬೇಗ ಸವೆಯುತ್ತದೆ, ಅದಕ್ಕೆ ನಡುನಡುವೆ ಎರಡನ್ನೂ ಅದಲು ಬದಲು ಮಾಡಬೇಕು. ಮಾಡದಿದ್ದರೆ ಸಿಪ್ಪೆ ಸರಿಯಾಗಿ ಬಿಡೋದಿಲ್ಲ. ಆಪರೇಟರ್ ಒತ್ತಡ ಬಿಗಿ ಮಾಡುತ್ತಾನೆ, ನುಚ್ಚು ಜಾಸ್ತಿ ಆಗುತ್ತದೆ.

ಮೊದಲು ಹಾಕಿದ ಕವರ್: ನನ್ನ ಮುಖ, ಬಾಯಿ ತೆರೆದುಕೊಂಡು, ಪಕ್ಕದಲ್ಲಿ "ಈ ತಪ್ಪು ನೀವೂ ಮಾಡ್ತಿದ್ದೀರಾ?" ಒಂದೂವರೆ ತಿಂಗಳ ನಂತರ ಅದನ್ನು ತೆಗೆದು "ನುಚ್ಚು ಕಮ್ಮಿ ಮಾಡಿ: ರೋಲ್ ಬದಲಿಸುವ ಸರಿಯಾದ ಕ್ರಮ" ಅಂತ ಹಾಕಿದೆ.

ಎರಡಕ್ಕೂ ಹೆಚ್ಚುಕಮ್ಮಿ 4000 ಇಂಪ್ರೆಷನ್ ಆದಾಗ ನೋಡಿದ ಲೆಕ್ಕ ಇದು. ಮೊದಲನೆಯದು 6.8% ಕ್ಲಿಕ್, ಸರಾಸರಿ 1 ನಿಮಿಷ 5 ಸೆಕೆಂಡ್ ನೋಡಿದ್ದಾರೆ. ಎರಡನೆಯದು 3.9%, ಸರಾಸರಿ 3 ನಿಮಿಷ 40 ಸೆಕೆಂಡ್. ಫೋನ್ ಬಂದದ್ದು ಮೊದಲನೆಯದರಿಂದ ಎರಡು. ಅದರಲ್ಲಿ ಒಬ್ಬ ಹುಡುಗ ಪ್ರಾಜೆಕ್ಟ್‌ಗೆ ಫೋಟೋ ಕೇಳಿದ! ಎರಡನೆಯದರಿಂದ ಐದು, ಐದೂ ಮಿಲ್‌ನವರೇ. ಕ್ಲಿಕ್ ಅರ್ಧದಷ್ಟು ಬಿದ್ದದ್ದು ನೋಡಿ ಹೆದರಿಕೆ ಆಗುತ್ತಿದೆ. ಹಳೆಯದನ್ನೇ ವಾಪಸ್ ಹಾಕಲಾ?

ರಾಯಚೂರು_ಪ್ರಿಂಟ್

ಕವರ್‌ಗೆ 300 ಜಿಎಸ್‌ಎಂ ಆರ್ಟ್ ಕಾರ್ಡ್ ತಗೊಳ್ಳಿ ಸರ್, ಮೇಲೆ ಮ್ಯಾಟ್ ಲ್ಯಾಮಿನೇಷನ್. ಮಿಲ್‌ನಲ್ಲಿ ತೌಡಿನ ಧೂಳು ಕೂರುತ್ತದೆ, ಗ್ಲಾಸಿ ಬೇಡ. ಎಷ್ಟು ಕಾಪಿ ಬೇಕು?

ರೋಲ್_ಗಂಗಾವತಿ

ಸರ್, ಇದು ವಿಡಿಯೋ ಕವರ್. ಕ್ಯಾಟಲಾಗ್ ಮಾಡಿಸುವಾಗ ನಿಮ್ಮ ಹತ್ತಿರವೇ ಬರುತ್ತೇನೆ.

ಡೆನಿಮ್_ಬಳ್ಳಾರಿ

ನನ್ನ ಅನುಭವ ಹೇಳುತ್ತೇನೆ. ನಮ್ಮದು ಜೀನ್ಸ್ ಯೂನಿಟ್. ಹೋಲ್‌ಸೇಲ್ ಪಾರ್ಟಿಗಳಿಗೆ ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸುತ್ತೇವೆ. ಮೊದಲ ಪುಟದಲ್ಲಿ "ಈ ಸಲ ಏನಿದೆ ಹೊಸದು?" ಅಂತ ಬರೆದಿದ್ದೆವು. ಒಬ್ಬರೂ ತೆರೆಯಲಿಲ್ಲ. ಆಮೇಲೆ ಸೈಜ್ 28ರಿಂದ 36, ಬಟ್ಟೆ ಎಷ್ಟು ಔನ್ಸ್, ಸೆಟ್‌ಗೆ ಎಷ್ಟು ಪೀಸ್, ರೇಟ್ ಎಷ್ಟು, ಎಲ್ಲ ಮೊದಲ ಪುಟದಲ್ಲೇ ಹಾಕಿದೆವು. ಅದೂ ಪುಟದ ಮೇಲಿನ ಭಾಗದಲ್ಲಿ, ಯಾಕೆಂದರೆ ವಾಟ್ಸಾಪ್‌ನಲ್ಲಿ ಅಷ್ಟೇ ಕಾಣೋದು. ಅವತ್ತೇ ಫೋನ್ ಬಂತು. ವ್ಯಾಪಾರದವರಿಗೆ ಒಗಟು ಬೇಡ ಅಣ್ಣಾ. ಕುತೂಹಲ ಅನ್ನೋದು ಸಿನಿಮಾದವರಿಗೆ. ಲಾಭ ಬರೆಯಿರಿ, ಮುಗೀತು.

ಅಂಕಿ_ಅಕ್ಕ

ಎರಡೂ ಕವರ್‌ನ ಲೆಕ್ಕ ಕೊಟ್ಟದ್ದು ಒಳ್ಳೆಯದಾಯಿತು. ಕ್ಲಿಕ್ ಬಿಡಿ, ನೋಡಿದ ಸಮಯವನ್ನು ಒಟ್ಟು ಮಾಡಿ. 4000ಕ್ಕೆ 6.8% ಅಂದರೆ 272 ಜನ, ತಲಾ 65 ಸೆಕೆಂಡ್, ಸುಮಾರು 4.9 ಗಂಟೆ. 3.9% ಅಂದರೆ 156 ಜನ, ತಲಾ 220 ಸೆಕೆಂಡ್, ಸುಮಾರು 9.5 ಗಂಟೆ. ಜನ ಅರ್ಧದಷ್ಟಾದರು, ಸಮಯ ಎರಡು ಪಟ್ಟು ಆಯಿತು. ಕವರ್‌ಗಳನ್ನು ಹೋಲಿಸಿ ನೋಡುವ ಯೂಟ್ಯೂಬ್‌ನ `A/B Testing` ಕೂಡ ಕ್ಲಿಕ್ ನೋಡಿ ತೀರ್ಮಾನ ಮಾಡೋದಿಲ್ಲ, ಯಾವ ಕವರ್‌ಗೆ ವೀಕ್ಷಣೆಯ ಸಮಯದ ಪಾಲು ಜಾಸ್ತಿ ಬಂತು ಅಂತ ನೋಡುತ್ತದೆ.

ಆದರೆ ಇಷ್ಟಕ್ಕೇ ಎರಡನೆಯದು ಗೆದ್ದಿತು ಅನ್ನಬೇಡಿ. ಮೂರು ಅನುಮಾನ ಇವೆ.

ಮೊದಲನೆಯದು, ಎರಡೂ ಒಂದೇ ಕಾಲದಲ್ಲಿ ಓಡಿಲ್ಲ. ಯಾವ ತಿಂಗಳಲ್ಲಿ ಯಾವುದು ಇತ್ತು? ಭತ್ತ ಬಂದು ಮಿಲ್ ಹಗಲು ರಾತ್ರಿ ಓಡುವಾಗ ಮಾಲೀಕ ಫೋನ್ ಮಾಡಿಯೇ ಮಾಡುತ್ತಾನೆ, ಕವರ್ ಯಾವುದಿದ್ದರೂ. ಎರಡಕ್ಕೆ ಐದು ಅನ್ನೋದು ಲೆಕ್ಕಕ್ಕೆ ತೀರಾ ಸಣ್ಣದು ಬೇರೆ.

ಎರಡನೆಯದು, 65 ಸೆಕೆಂಡ್‌ಗೆ ಜನ ಎದ್ದು ಹೋಗೋಕೆ ಕವರ್ ಒಂದೇ ಕಾರಣ ಅಂತ ನನಗೆ ಅನಿಸೋದಿಲ್ಲ. ವಿಡಿಯೋದಲ್ಲಿ ರೋಲ್ ಮೊದಲ ಸಲ ಕಾಣೋದು ಎಷ್ಟನೇ ಸೆಕೆಂಡ್‌ಗೆ?

ಮೂರನೆಯದು, ಆ 4000 ಇಂಪ್ರೆಷನ್ ಯಾರದ್ದು? ಕ್ಲಿಕ್‌ನ ಶೇಕಡಾ ಲೆಕ್ಕ ಯೂಟ್ಯೂಬ್ ಒಳಗೆ ಕವರ್ ಕಂಡವರದ್ದು ಮಾತ್ರ. ನೀವು ಮಿಲ್ ಗ್ರೂಪ್‌ನಲ್ಲಿ ಲಿಂಕ್ ಹಾಕಿದರೆ ಅಲ್ಲಿಂದ ಬಂದವರು ಅದರಲ್ಲಿ ಸೇರೋದೇ ಇಲ್ಲ. ಸ್ಟುಡಿಯೋದಲ್ಲಿ ಟ್ರಾಫಿಕ್ ಮೂಲ ತೆರೆದು `External` ಎಷ್ಟಿದೆ ನೋಡಿ ಹೇಳಿ.

ರೋಲ್_ಗಂಗಾವತಿ

ಅಕ್ಕ, ನೋಡಿದೆ. ಎರಡನೇ ಕವರ್ ಹಾಕಿದ್ದು ನವೆಂಬರ್‌ನಲ್ಲಿ, ಸೋನಾ ಮಸೂರಿ ಬರುವ ಹೊತ್ತು. ಅದು ತಲೆಗೇ ಹೊಳೆದಿರಲಿಲ್ಲ.

ರೋಲ್ ಕಾಣೋದು 52ನೇ ಸೆಕೆಂಡ್‌ಗೆ. ಅದಕ್ಕೂ ಮುಂಚೆ ಅಂಗಡಿ ಬೋರ್ಡ್, ಮ್ಯೂಸಿಕ್, ನನ್ನ ಪರಿಚಯ. ಗ್ರಾಫ್ ನೋಡಿದರೆ 20ನೇ ಸೆಕೆಂಡ್‌ನಿಂದಲೇ ಜಾರುತ್ತಾ ಹೋಗಿದೆ.

`External` ನೋಡಿ ಆಶ್ಚರ್ಯ ಆಯಿತು. ಮೊದಲ ಕವರ್ ಇದ್ದಾಗ ಹೆಚ್ಚಿನವರು ಹೋಮ್ ಪೇಜ್‌ನಿಂದ ಬಂದವರು. ಎರಡನೆಯದರ ಸಮಯದಲ್ಲಿ ವಾಟ್ಸಾಪ್‌ನಿಂದ ಬಂದವರೇ ಸುಮಾರು ಜನ. ಅಂದರೆ ನನ್ನ ಗಿರಾಕಿ ಆ 3.9ರಲ್ಲೂ ಇಲ್ಲ, 6.8ರಲ್ಲೂ ಇಲ್ಲ, ಅಲ್ವಾ?

ಅಂಕಿ_ಅಕ್ಕ

ಬಹುಪಾಲು ಇಲ್ಲ. ಹೋಮ್ ಪೇಜ್‌ನಲ್ಲಿ "ಈ ತಪ್ಪು ನೀವೂ ಮಾಡ್ತಿದ್ದೀರಾ" ಅಂದರೆ ಯಾರು ಬೇಕಾದರೂ ಒತ್ತುತ್ತಾರೆ. ಅಡುಗೆ ತಪ್ಪೋ, ಬೈಕ್ ತಪ್ಪೋ, ಯಾರಿಗೆ ಗೊತ್ತು. ಒಳಗೆ ಬಂದರೆ ಭತ್ತದ ಮಿಲ್. ವಾಪಸ್.

ಡೆನಿಮ್ ಅಣ್ಣ ಹೇಳಿದ್ದು ಅವರ ವ್ಯಾಪಾರಕ್ಕೆ ನೂರಕ್ಕೆ ನೂರು ಸರಿ. ಜೀನ್ಸ್ ಕೊಳ್ಳುವವನಿಗೆ ಏನು ಬೇಕು ಅಂತ ಮೊದಲೇ ಗೊತ್ತಿರುತ್ತದೆ, ಅವನು ರೇಟ್ ಹುಡುಕುತ್ತಿರುತ್ತಾನೆ. ಅಲ್ಲಿ ಮುಚ್ಚಿಟ್ಟರೆ ಸಿಟ್ಟು ಬರುತ್ತದೆ. ಮಿಲ್ ಮಾಲೀಕನದ್ದು ಹಾಗಲ್ಲ. ನುಚ್ಚು ಜಾಸ್ತಿ ಅನ್ನೋದು ಅವನಿಗೆ ಗೊತ್ತು, ಕಾರಣ ರೋಲ್ ಇರಬಹುದು ಅನ್ನೋದು ಗೊತ್ತಿಲ್ಲ. ಭತ್ತದ ತೇವ ಅಂದುಕೊಂಡಿರುತ್ತಾನೆ, ಇಲ್ಲವೇ ಪಾಲಿಶರ್ ಅಂದುಕೊಂಡಿರುತ್ತಾನೆ. ಗೊತ್ತಿಲ್ಲದ ಕಾರಣ ತೋರಿಸೋಕೆ ಸ್ವಲ್ಪ ಕುತೂಹಲ ಬೇಕೇ ಬೇಕು. ಆದರೆ ಆ ಕುತೂಹಲ ಮಿಲ್‌ನವನಿಗೆ ಮಾತ್ರ ಹುಟ್ಟಬೇಕು, ಬೇರೆಯವನಿಗೆ ಬೋರ್ ಆಗಬೇಕು.

ನಿಮ್ಮ ಮುಖ ತೆಗೆದುಬಿಡಿ, ಬೇಜಾರು ಮಾಡಿಕೊಳ್ಳಬೇಡಿ. ಸವೆದ ರೋಲ್ ಒಂದು, ದಪ್ಪ ರಬ್ಬರ್ ಉಳಿದಿರುವ ಅದರ ಜೋಡಿ ಒಂದು, ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ಮುಂದಿನಿಂದ ಫೋಟೋ ತೆಗೆಯಿರಿ. ಮೇಲೆ ಒಂದೇ ಸಾಲು: "ಎರಡೂ ಒಂದೇ ದಿನ ಹಾಕಿದ್ದು." ಮಿಲ್ ಓಡಿಸುವವನು ಇದನ್ನು ದಾಟಿ ಹೋಗೋದಿಲ್ಲ. ಪ್ರಾಜೆಕ್ಟ್ ಹುಡುಗ ದಾಟಿ ಹೋಗುತ್ತಾನೆ.

ಸಿರುಗುಪ್ಪ_ಆಪರೇಟರ್

ನಾನು ಮಿಲ್‌ನಲ್ಲೇ ಇರೋದು ರೀ. ಒಂದು ಮಾತು. ನಿಮ್ಮ ಎರಡನೇ ಕವರ್ ನನಗೆ ಯಾರೋ ಕಳಿಸಿದ್ದರು. "ನುಚ್ಚು ಕಮ್ಮಿ ಮಾಡಿ" ಅಂತ ಅದನ್ನು ನಾನು ಸಾವ್ಕಾರ್ರಿಗೆ ಕಳಿಸಿದರೆ ಅವರು ಮೊದಲು ಕೇಳೋದು "ಹಂಗಾದ್ರೆ ಇಷ್ಟು ದಿನ ನೀನು ಏನು ಮಾಡ್ತಿದ್ದಿ?" ಅಂತ. ಅದಕ್ಕೇ ಕಳಿಸಲಿಲ್ಲ. ರೋಲ್ ತರಿಸೋದು ನಾನು, ದುಡ್ಡು ಕೊಡೋದು ಅವರು. ಕವರ್ ನಮ್ಮಿಬ್ಬರಿಗೂ ಜಗಳ ಹಚ್ಚಬಾರದು.

ಇನ್ನೊಂದು, ಕೆಳಗೆ ಬಲಗಡೆ ಮೂಲೆಯಲ್ಲಿ ಏನೋ ಬರೆದಿದ್ದೀರಿ, ಅದರ ಮೇಲೆ ವಿಡಿಯೋ ಟೈಮ್ ಕೂತಿದೆ, ಕಾಣಲ್ಲ.

ರೋಲ್_ಗಂಗಾವತಿ

ಅಯ್ಯೋ, ಅಲ್ಲೇ "10 ಇಂಚ್ ರೋಲ್" ಅಂತ ಬರೆದಿದ್ದೆ.

ಡೆನಿಮ್_ಬಳ್ಳಾರಿ

ಆಪರೇಟರ್ ಹೇಳಿದ್ದು ಸರಿ ಇದೆ. ಆದರೂ ಒಂದು ಅಂಕಿ ಹಾಕಿ ಅಣ್ಣಾ, "ನುಚ್ಚು 5% ಇಳಿಕೆ" ಅಂತ. ಅಂಕಿ ಕಂಡರೆ ಮಾಲೀಕ ನಿಲ್ಲುತ್ತಾನೆ.

ಅಂಕಿ_ಅಕ್ಕ

ಅದು ಬೇಡ. ಭತ್ತ ತೀರಾ ಒಣಗಿದ್ದರೂ ನುಚ್ಚು ಬರುತ್ತದೆ, ಪಾಲಿಶರ್‌ನಲ್ಲೂ ಬರುತ್ತದೆ. ರೋಲ್ ಬದಲಿಸಿದ ಮೇಲೂ ಇಳಿಯದಿದ್ದರೆ ಆ 5% ಹಿಡಿದುಕೊಂಡು ನೇರ ಇವರ ಅಂಗಡಿಗೇ ಬರುತ್ತಾರೆ. ಲಾಭ ಹೇಳಬೇಕು ಅಂದರೆ ಅವರೇ ಅಳೆದು ನೋಡಬಹುದಾದ್ದು ಹೇಳಿ. "ರೋಲ್ ಜೋಡಿ ಪೂರ್ತಿ ಸವೆಯುವವರೆಗೆ ಬಳಸಿ" ಅನ್ನೋದು ಸಪ್ಪೆ ಸಾಲು, ಆದರೆ ಸುಳ್ಳಾಗೋದಿಲ್ಲ. ಅದು ಆಪರೇಟರ್‌ನ ಮೇಲೂ ಬರೋದಿಲ್ಲ.

ಈಗ ಪರೀಕ್ಷೆಗೆ ಬನ್ನಿ. ಮೊದಲು ವಿಡಿಯೋದ ಶುರುವನ್ನು ಕತ್ತರಿಸಿ. ಸ್ಟುಡಿಯೋದ ಎಡಿಟರ್‌ನಲ್ಲೇ ಆಗುತ್ತದೆ, ಹೊಸದಾಗಿ ಹಾಕಬೇಕಿಲ್ಲ. ಮೊದಲ ಹತ್ತು ಸೆಕೆಂಡ್‌ನಲ್ಲಿ ಕವರ್‌ನಲ್ಲಿರುವ ಅದೇ ಎರಡು ರೋಲ್ ಕಾಣಲಿ. ಆಮೇಲೆ ಕಂಪ್ಯೂಟರ್‌ನಲ್ಲಿ ತೆರೆದು `A/B Testing`ನಲ್ಲಿ ಮೂರೂ ಕವರ್ ಹಾಕಿ, ಎರಡು ವಾರ ಬಿಡಿ. ಆದರೆ ನಿಮ್ಮ ಚಾನೆಲ್ ಸಣ್ಣದು, ಫಲಿತಾಂಶ ಸ್ಪಷ್ಟ ಇಲ್ಲ ಅಂತಲೇ ಬರುವ ಸಾಧ್ಯತೆ ಇದೆ.

ನಿಜವಾದ ಪರೀಕ್ಷೆ ವಾಟ್ಸಾಪ್‌ನಲ್ಲಿ. ಒಂದೇ ದಿನ, ಒಂದೇ ಹೊತ್ತಿಗೆ, ಒಂದು ಗ್ರೂಪ್‌ಗೆ ಲಾಭದ ಕವರ್‌ನ ಚಿತ್ರ, ಇನ್ನೊಂದಕ್ಕೆ ಜೋಡಿ ರೋಲ್ ಚಿತ್ರ ಕಳಿಸಿ. ಕೆಳಗೆ ವಿಡಿಯೋ ಲಿಂಕ್, ಜೊತೆಗೆ ನಿಮಗೆ ಮೆಸೇಜ್ ಮಾಡುವ ಲಿಂಕ್. ಕೊನೆಯ ಪದ ಮಾತ್ರ ಬೇರೆ ಬೇರೆ ಇರಲಿ:

```
https://wa.me/91XXXXXXXXXX?text=NUCHU
https://wa.me/91XXXXXXXXXX?text=JODI
```

ಯಾವ ಪದದ ಜೊತೆ ಮೆಸೇಜ್ ಬಂತೋ ಆ ಕವರ್‌ನಿಂದ ಬಂದದ್ದು. ಎಣಿಸೋದರ ಜೊತೆ ಬಂದವರು ಯಾರು, ಏನು ಕೇಳಿದರು ಅಂತಲೂ ಬರೆದಿಡಿ.

ರೋಲ್_ಗಂಗಾವತಿ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಯೂಟ್ಯೂಬ್ ಪರೀಕ್ಷೆ ಅಕ್ಕ ಹೇಳಿದ ಹಾಗೇ ಆಯಿತು, ಯಾವುದೂ ಗೆಲ್ಲಲಿಲ್ಲ. ನನ್ನ ಬಾಯಿ ತೆರೆದ ಕವರ್ ಮಾತ್ರ ಕೊನೆಗೆ ಬಿತ್ತು. ಮನೆಯಲ್ಲಿ ನಕ್ಕರು.

ವಾಟ್ಸಾಪ್‌ನಲ್ಲಿ ಗಂಗಾವತಿ–ಕಾರಟಗಿ ಗ್ರೂಪ್‌ಗೆ ಲಾಭದ್ದು, ಸಿಂಧನೂರು–ಮಾನ್ವಿ ಗ್ರೂಪ್‌ಗೆ ಜೋಡಿ ರೋಲ್ ಹಾಕಿದೆ. ಲಾಭದ್ದಕ್ಕೆ ನಾಲ್ಕು ಮೆಸೇಜ್, ನಾಲ್ವರೂ "ರೇಟ್ ಎಷ್ಟು" ಅಂದರು. ಇಬ್ಬರು ಖರೀದಿ ಮಾಡಿದರು. ಜೋಡಿಗೆ ಮೂರೇ ಮೆಸೇಜ್. ಆದರೆ ಒಬ್ಬರು ತಮ್ಮ ಮಿಲ್‌ನ ಎರಡೂ ರೋಲ್ ಬಿಚ್ಚಿಸಿ, ಸ್ಕೇಲ್ ಇಟ್ಟು ಫೋಟೋ ಕಳಿಸಿ "ಇದನ್ನು ಈಗ ತಿರುಗಿಸಬಹುದಾ, ತಡ ಆಯ್ತಾ?" ಅಂತ ಕೇಳಿದರು. ಇನ್ನೊಬ್ಬರು ಆಪರೇಟರ್, ಸಾವ್ಕಾರ್ರನ್ನೇ ಲೈನಿಗೆ ಕರೆದರು. ಖರೀದಿ ಇನ್ನೂ ಇಲ್ಲ, ಸರ್ವಿಸ್‌ಗೆ ಎರಡು ಕಡೆ ಹೋಗಿ ಬಂದೆ.

ಡೆನಿಮ್_ಬಳ್ಳಾರಿ

ನೋಡಿ, ದುಡ್ಡು ಕೊಟ್ಟದ್ದು ಲಾಭದ ಕವರ್.

ಅಂಕಿ_ಅಕ್ಕ

ಅಥವಾ ಗಂಗಾವತಿಯವರಿಗೆ ಇವರ ಅಂಗಡಿ ಮೊದಲೇ ಗೊತ್ತಿತ್ತು, ಸಿಂಧನೂರಿನವರಿಗೆ ಗೊತ್ತಿರಲಿಲ್ಲ. ಮುಂದಿನ ಸಲ ಗ್ರೂಪ್ ಅದಲು ಬದಲು ಮಾಡಿ ಕಳಿಸಿ, ರೋಲ್ ಮಾಡಿದ ಹಾಗೇ.

ಸಿರುಗುಪ್ಪ_ಆಪರೇಟರ್

ಜೋಡಿ ಫೋಟೋ ನಮ್ಮ ಸಾವ್ಕಾರ್ರಿಗೆ ಕಳಿಸಿದೆ ರೀ. "ನಮ್ಮದು ಹೆಂಗಿದೆ ನೋಡು" ಅಂದರು. ನಾಳೆ ಬಿಚ್ಚುತ್ತೇನೆ.