ಪದಚರ್ಚೆ: ಸೀಮಾಂತ ವೆಚ್ಚಕ್ಕೆ ದರ ಇಟ್ಟರೆ ಆಗುವುದು ‘ನಷ್ಟ’ವೋ ‘ಕೊರತೆ’ಯೋ?

ಸುಮಾ:
ಎಲ್ಲರಿಗೂ ನಮಸ್ಕಾರ. ಬಿ.ಎ. ಮಕ್ಕಳಿಗಾಗಿ ಅರ್ಥಶಾಸ್ತ್ರದ ಒಂದು ಪಾಠವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ವಾಕ್ಯ ಕಾಡುತ್ತಿದೆ. ಸದ್ಯಕ್ಕೆ ಹೀಗೆ ಬರೆದಿದ್ದೇನೆ: “ಸ್ವಾಭಾವಿಕ ಏಕಸ್ವಾಮ್ಯದ ಸಂಸ್ಥೆ ಸೀಮಾಂತ ವೆಚ್ಚಕ್ಕೆ ಸಮನಾಗಿ ದರ ಇಟ್ಟರೆ ನಷ್ಟ ಅನುಭವಿಸುತ್ತದೆ. ಆ ನಷ್ಟವನ್ನು ಸರ್ಕಾರ ಸಬ್ಸಿಡಿಯಿಂದ ತುಂಬಬೇಕಾಗುತ್ತದೆ.”

ಕರಡು ಓದಿದ ಹುಡುಗರು, “ಅಂದ್ರೆ ಸಂಸ್ಥೆಯವರು ಸರಿಯಾಗಿ ಕೆಲಸ ಮಾಡ್ತಿಲ್ಲ, ಅದಕ್ಕೆ ನಷ್ಟ” ಅಂದುಕೊಂಡರು. ಪಾಠ ಹೇಳುವುದು ಅದನ್ನಲ್ಲ. ‘ನಷ್ಟ’ ಬಿಟ್ಟು ಬೇರೆ ಪದ ಹಾಕಬೇಕಾ? ‘ಸೀಮಾಂತ’ವೂ ಯಾರಿಗೂ ಹತ್ತುತ್ತಿಲ್ಲ. ಪಠ್ಯಪುಸ್ತಕಗಳಲ್ಲಿ ಅದೇ ಇದೆ ಅಂತ ಇಟ್ಟುಕೊಂಡಿದ್ದೇನೆ, ಅಷ್ಟೇ.

ಬಸವರಾಜು:
ಮೇಡಂ, ನನ್ನದು ಹಾರ್ಡ್‌ವೇರ್ ಅಂಗಡಿ. ‘ಸೀಮಾಂತ’ ಅಂದರೆ ಇಂಗ್ಲಿಷಿನ ‘ಮಾರ್ಜಿನಲ್’ ತಾನೇ? ನಮ್ಮಲ್ಲಿ ಮಾರ್ಜಿನ್ ಅಂದರೆ ನಮಗೆ ಉಳಿಯುವ ಲಾಭ. ಮಾರ್ಜಿನ್ ಇಟ್ಟು ಮಾರಿದರೆ ನಷ್ಟ ಹೇಗೆ ಆಗುತ್ತದೆ? ಈ ವಾಕ್ಯವೇ ತಲೆಕೆಳಗಾಗಿದೆ. ಇನ್ನು ‘ಸ್ವಾಭಾವಿಕ ಏಕಸ್ವಾಮ್ಯ’ ಅಂದರೆ ನದಿ, ಗಣಿ, ಕಾಡು ಇಂಥವು, ಪ್ರಕೃತಿ ಕೊಟ್ಟಿದ್ದನ್ನು ಒಬ್ಬನೇ ಹಿಡಿದುಕೊಳ್ಳೋದು ಅಲ್ವಾ? ‘ನಿಸರ್ಗ ಸಂಪತ್ತಿನ ಏಕಸ್ವಾಮ್ಯ’ ಅಂತ ಬಿಡಿಸಿ ಬರೆದರೆ ಎಲ್ಲರಿಗೂ ತಿಳಿಯುತ್ತದೆ.

ರಾಘವೇಂದ್ರ:
ಇದರಲ್ಲಿ ಗೊಂದಲ ಏನಿದೆ? ನಷ್ಟ ಅಂದರೆ ನಷ್ಟವೇ. ನೀರು, ಕರೆಂಟು ಕೊಡುವ ಸಂಸ್ಥೆಗಳು ಕೈ ಸುಟ್ಟುಕೊಳ್ಳುವುದು ದರ ಕಡಿಮೆ ಇಟ್ಟಿದ್ದಕ್ಕೆ. ರಾಜಕಾರಣಿಗಳು ದರ ಏರಿಸಲು ಬಿಡುವುದಿಲ್ಲ, ಪೈಪು ಸೋರುತ್ತದೆ, ಮೀಟರ್ ಓಡುವುದಿಲ್ಲ. ‘ಕೊರತೆ’ ಅಂತ ಬರೆದರೆ ಇದಕ್ಕೆಲ್ಲ ಪೌಡರ್ ಹಚ್ಚಿದ ಹಾಗೆ.

ವೆಂಕಟೇಶಮೂರ್ತಿ:
ಸುಮಾ ಅವರೇ, ನೀರು ಸರಬರಾಜಿನ ಕೆಲಸದಲ್ಲೇ ತಲೆ ಹಣ್ಣಾದವನು ನಾನು. ಪದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಲೆಕ್ಕ ಮಾಡೋಣ. ಅಂಕಿಗಳು ಸುಮ್ನೆ ಉದಾಹರಣೆಗೆ.

ಒಂದು ಸಣ್ಣ ಪಟ್ಟಣ, 10,000 ನಲ್ಲಿ ಸಂಪರ್ಕ. ಪೈಪು, ಟ್ಯಾಂಕು, ಸಾಲದ ಕಂತು, ಸಿಬ್ಬಂದಿ ಸಂಬಳ ಎಲ್ಲ ಸೇರಿ ವರ್ಷಕ್ಕೆ 1 ಕೋಟಿ ರೂಪಾಯಿ. ಒಂದು ಹನಿ ನೀರು ಬಿಡದಿದ್ದರೂ ಈ ಖರ್ಚು ತಪ್ಪುವುದಿಲ್ಲ. ಇದರ ಮೇಲೆ ಪ್ರತಿ ಸಾವಿರ ಲೀಟರ್‌ಗೆ ಪಂಪಿನ ಕರೆಂಟು, ಕ್ಲೋರಿನ್ ಅಂತ 10 ರೂಪಾಯಿ. ಈ 10 ರೂಪಾಯಿಯೇ ಸೀಮಾಂತ ವೆಚ್ಚ. ಇನ್ನೊಂದು ಸಾವಿರ ಲೀಟರ್ ಕೊಡಬೇಕಾದರೆ ಹೊಸದಾಗಿ ತಗಲುವ ಖರ್ಚು ಅದೊಂದೇ. ಬಸವರಾಜು ಅವರೇ, ನಿಮ್ಮ ಮಾರ್ಜಿನ್‌ಗೂ ಇದಕ್ಕೂ ಸಂಬಂಧ ಇಲ್ಲ.

ದರ 10 ರೂಪಾಯಿ ಇಟ್ಟಾಗ ಊರಿನ ಬಳಕೆ ವರ್ಷಕ್ಕೆ 10 ಲಕ್ಷ ಕಿಲೋಲೀಟರ್ ಅನ್ನಿ. ಬಂದ ಹಣ 1 ಕೋಟಿ, ಆದ ಖರ್ಚು 2 ಕೋಟಿ. ಒಂದು ಕೋಟಿ ಕಡಿಮೆ ಬಿತ್ತು. ಇಲ್ಲಿ ಪೈಪು ಸೋರಿಲ್ಲ, ಯಾರೂ ಕದ್ದಿಲ್ಲ, ಎಂಜಿನಿಯರ್ ನಿದ್ದೆ ಮಾಡಿಲ್ಲ. ಬಳಕೆ 12 ಲಕ್ಷಕ್ಕೆ ಏರಿದರೂ ಅದೇ ಒಂದು ಕೋಟಿ ಕಡಿಮೆ, 6 ಲಕ್ಷಕ್ಕೆ ಇಳಿದರೂ ಅದೇ. ಹಾಕಿದ ಬಂಡವಾಳದ ಭಾರ ದರದೊಳಗೆ ಸೇರಿಯೇ ಇಲ್ಲ, ಅದಕ್ಕೆ.

ಸ್ವಾಭಾವಿಕ ಅನ್ನುವುದೂ ಇದಕ್ಕೇ. ಅದೇ ಬೀದಿಗಳಲ್ಲಿ ಇನ್ನೊಂದು ಕಂಪನಿ ಇನ್ನೊಂದು ಪೈಪು ಹೂತರೆ ಇನ್ನೊಂದು ಕೋಟಿ ಖರ್ಚು. ಇಬ್ಬರೂ 5 ಲಕ್ಷ ಕಿಲೋಲೀಟರ್‌ನಂತೆ ಹಂಚಿಕೊಂಡರೆ ಸರಾಸರಿ ವೆಚ್ಚ 20ರಿಂದ 30 ರೂಪಾಯಿಗೆ ಏರುತ್ತದೆ. ಒಬ್ಬರೇ ಕೊಟ್ಟರೆ ಅಗ್ಗ. ನದಿ, ಗಣಿಗೂ ಇದಕ್ಕೂ ನಂಟಿಲ್ಲ. ಕರೆಂಟಿನ ತಂತಿಯೂ ಹೀಗೇ, ರೈಲು ಹಳಿಯೂ ಹೀಗೇ.

ಬಸವರಾಜು:
ಸರಿ ಸಾರ್. ಹಾಗಾದರೆ ಸರಾಸರಿ 20 ರೂಪಾಯಿ ಬಿತ್ತಲ್ಲ, 20 ಇಟ್ಟುಬಿಡಿ. ನಷ್ಟವೂ ಇಲ್ಲ, ಸಬ್ಸಿಡಿಯೂ ಬೇಡ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ವೆಂಕಟೇಶಮೂರ್ತಿ:
20 ಇಟ್ಟ ಕೂಡಲೇ ಜನ ಬಳಕೆ ಇಳಿಸುತ್ತಾರೆ. ಗಿರಾಕಿ ಇಳಿದರೆ ಅದೇ ಒಂದು ಕೋಟಿಯನ್ನು ಕಡಿಮೆ ನೀರಿನ ಮೇಲೆ ಹಂಚಬೇಕು, ಸರಾಸರಿ ಮತ್ತೆ ಮೇಲಕ್ಕೆ ಹೋಗುತ್ತದೆ. ದರ ಅದರ ಹಿಂದೆ ಓಡುತ್ತದೆ. ನಮ್ಮ ಪಟ್ಟಣದಲ್ಲಿ ಅದು 22.50 ರೂಪಾಯಿಗೆ, 8 ಲಕ್ಷ ಕಿಲೋಲೀಟರ್‌ನಲ್ಲಿ ನಿಂತಿತು ಅನ್ನಿ. ಈಗ ಲೆಕ್ಕ ಸಮ. ನಿಯಂತ್ರಕರು ಸಾಮಾನ್ಯವಾಗಿ ಒಪ್ಪುವುದೂ ಈ ದಾರಿಯನ್ನೇ.

ಆದರೆ ಬಿಟ್ಟುಹೋದ 2 ಲಕ್ಷ ಕಿಲೋಲೀಟರ್ ನೋಡಿ. ಅದನ್ನು ಬಳಸುತ್ತಿದ್ದವರಿಗೆ ಆ ನೀರಿನ ಬೆಲೆ 10 ರೂಪಾಯಿಗಿಂತ ಜಾಸ್ತಿ, 22.50ಕ್ಕಿಂತ ಕಡಿಮೆ. ಕೊಡಲು ತಗಲುತ್ತಿದ್ದದ್ದು 10 ಮಾತ್ರ. ಆ ನಡುವಿನ ಲಾಭ ಯಾರಿಗೂ ಸಿಗದೆ ಹೋಯಿತು. ಸರಿಸುಮಾರು ಲೆಕ್ಕ ಹಾಕಿದರೆ ವರ್ಷಕ್ಕೆ 12.5 ಲಕ್ಷ ರೂಪಾಯಿ. ಯಾವ ಲೆಕ್ಕಪತ್ರದಲ್ಲೂ ಇದು ಕಾಣುವುದಿಲ್ಲ. ನನ್ನ ಮಟ್ಟಿಗೆ ‘ನಷ್ಟ’ ಅನ್ನುವ ಪದ ಇದಕ್ಕೆ ಸಲ್ಲಬೇಕು. ಆ ಒಂದು ಕೋಟಿಗೆ ‘ಕೊರತೆ’ ಸಾಕು. ಜನರಿಗೆ ಕಡಿಮೆ ದರದ ಮೂಲಕ ತಲುಪಿದ ಹಣ ಅದು.

ರಾಘವೇಂದ್ರ:
ಅಂದರೆ 12.5 ಲಕ್ಷ ಉಳಿಸಲು ಒಂದು ಕೋಟಿ ತೆರಿಗೆ ಎತ್ತಬೇಕು! ಆ ತೆರಿಗೆಯಿಂದ ಇನ್ನೆಲ್ಲೋ ಒಬ್ಬ ಕೊಳ್ಳುವುದನ್ನು ಬಿಡುತ್ತಾನೆ. ಅಲ್ಲಿಯೂ ನಿಮ್ಮ ‘ಕಾಣದ ನಷ್ಟ’ ಇರುತ್ತದೆ ಅಲ್ವಾ?

ವೆಂಕಟೇಶಮೂರ್ತಿ:
ಇರುತ್ತದೆ. ಇದು ಒಳ್ಳೆಯ ಪ್ರಶ್ನೆ, ಹಳೆಯ ಜಗಳವೂ ಹೌದು. 1938ರಲ್ಲಿ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್, ಸೇತುವೆ, ರೈಲು, ವಿದ್ಯುತ್ತಿಗೆಲ್ಲ ಸೀಮಾಂತ ವೆಚ್ಚವನ್ನೇ ದರವಾಗಿ ಇಡಿ, ಉಳಿದದ್ದನ್ನು ಆದಾಯ, ಭೂಮಿ ಮುಂತಾದವುಗಳ ಮೇಲಿನ ತೆರಿಗೆಯಿಂದ ತುಂಬಿ ಅಂದರು. 1946ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ಅದಕ್ಕೆ ಎದುರು ನಿಂತರು. ಸೇವೆ ಬಳಸದವನೂ ಯಾಕೆ ಕೊಡಬೇಕು, ಸಂಪರ್ಕಕ್ಕೆ ಒಂದು ಶುಲ್ಕ, ಬಳಕೆಗೆ ಇನ್ನೊಂದು ದರ ಅಂತ ಬಿಡಿಸಿ ಇಡಬಹುದಲ್ಲ ಅನ್ನುವುದು ಅವರ ವಾದ. ನಮ್ಮ ಕರೆಂಟ್ ಬಿಲ್ಲಿನಲ್ಲಿ ‘ನಿಗದಿತ ಶುಲ್ಕ’ ಅಂತ ಬೇರೆ ಸಾಲು ಇದೆಯಲ್ಲ, ಅದರ ಹಿಂದಿನ ತರ್ಕ ಇದೇ.

ಲತಾ:
ನಮ್ಮ ಅಪಾರ್ಟ್‌ಮೆಂಟಿನ ಕಥೆ ಹೇಳಲೇಬೇಕು. ಕೊಳವೆಬಾವಿ, ಶುದ್ಧೀಕರಣ ಘಟಕ, ಪಂಪು ಎಲ್ಲ ನಮ್ಮವೇ. ಮೊದಲು ಎಲ್ಲವನ್ನೂ ಮೀಟರಿನ ಮೇಲೆ ಹಾಕುತ್ತಿದ್ದರು. ಖಾಲಿ ಬಿದ್ದ ಫ್ಲ್ಯಾಟಿನವರು ಏನೂ ಕೊಡುತ್ತಿರಲಿಲ್ಲ, ನಾವು ಜಾಸ್ತಿ ಕಟ್ಟುತ್ತಿದ್ದೆವು. ಆಮೇಲೆ ತಿಂಗಳಿಗೆ ಇಷ್ಟು ಅಂತ ಎಲ್ಲರಿಗೂ ಸಮನಾಗಿ ಹಾಕಿ, ಮೀಟರಿನ ದರ ಇಳಿಸಿದರು. ಈಗ ಒಬ್ಬರೇ ಇರುವ ಹಿರಿಯರೊಬ್ಬರು “ಎರಡು ಬಕೆಟ್ ನೀರಿಗೆ ಇಷ್ಟು ಬಿಲ್ಲಾ?” ಅಂತ ಪ್ರತಿ ಸಭೆಯಲ್ಲೂ ಎದ್ದು ನಿಲ್ಲುತ್ತಾರೆ. ಅವರು ಹೇಳುವುದರಲ್ಲಿ ತಪ್ಪಿದೆಯಾ?

ವೆಂಕಟೇಶಮೂರ್ತಿ:
ತಪ್ಪಿಲ್ಲ ಲತಾ ಅವರೇ. ನನ್ನ ಪಟ್ಟಣಕ್ಕೇ ಹಾಕಿ ನೋಡಿ. ಒಂದು ಕೋಟಿಯನ್ನು 10,000 ಸಂಪರ್ಕಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 83 ರೂಪಾಯಿ. ಮೇಲೆ ಕಿಲೋಲೀಟರ್‌ಗೆ 10. ತಿಂಗಳಿಗೆ 4 ಕಿಲೋಲೀಟರ್ ಬಳಸುವ ಸಣ್ಣ ಮನೆಯ ಬಿಲ್ಲು 123 ರೂಪಾಯಿ. ಬರೀ ಸರಾಸರಿ ದರ 22.50 ಇದ್ದಿದ್ದರೆ 90 ರೂಪಾಯಿಗೆ ಮುಗಿಯುತ್ತಿತ್ತು. ಸಬ್ಸಿಡಿ ಬೇಡ, ನೀರೂ ಪೋಲಾಗದೆ ಎಲ್ಲರಿಗೂ ಸಿಗಲಿ ಅಂದರೆ ಭಾರ ಕಡಿಮೆ ಬಳಸುವವರ ಮೇಲೆ ಬೀಳುತ್ತದೆ. ನಿಗದಿತ ಶುಲ್ಕವನ್ನು ಮನೆಯ ಅಳತೆಗೆ ತಕ್ಕಂತೆ ಇಟ್ಟರೆ ಸ್ವಲ್ಪ ಸರಿಹೋಗಬಹುದು. ನಿಮ್ಮ ಸಭೆ ಅದಕ್ಕೆ ಒಪ್ಪುತ್ತದೋ ಇಲ್ಲವೋ ನೀವೇ ನೋಡಬೇಕು.

ರಾಘವೇಂದ್ರ:
ಊಹೆಯ ಪಟ್ಟಣ ಸಾಕು ಸಾರ್. ಬೆಂಗಳೂರಿಗೆ ಬನ್ನಿ. ಅಲ್ಲಿನ ಜಲಮಂಡಳಿಯದ್ದು ನಿಮ್ಮ ‘ಕೊರತೆ’ಯೋ, ನನ್ನ ‘ನಷ್ಟ’ವೋ?

ವೆಂಕಟೇಶಮೂರ್ತಿ:
ಬೆಂಗಳೂರಲ್ಲಿ ನಿಮ್ಮ ಮಾತಿಗೆ ತೂಕ ಜಾಸ್ತಿ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಬರಬೇಕು. ಏರು, ಪೈಪಿನೊಳಗಿನ ತಿಕ್ಕಾಟ ಎರಡೂ ಸೇರಿ ಸುಮಾರು 500 ಮೀಟರ್ ಎತ್ತರಕ್ಕೆ ತಳ್ಳಿದಷ್ಟು ಕೆಲಸ. ಸಾವಿರ ಲೀಟರ್ ಅಂದರೆ ಒಂದು ಟನ್. ಅದನ್ನು 500 ಮೀಟರ್ ಎತ್ತಲು ಸುಮಾರು 1.4 ಯೂನಿಟ್ ವಿದ್ಯುತ್ ಬೇಕು. ಪಂಪು, ಮೋಟರು ಎರಡೂ ಒಂದಿಷ್ಟು ತಿನ್ನುತ್ತವೆ, ಹಾಗಾಗಿ 2 ಯೂನಿಟ್ ಹಿಡಿಯಿರಿ. ಯೂನಿಟ್‌ಗೆ 5 ರೂಪಾಯಿ ಅಂದುಕೊಂಡರೂ ಕರೆಂಟಿಗೇ 10 ರೂಪಾಯಿ ಆಯಿತು.

2014ರಿಂದ 2025ರ ಏಪ್ರಿಲ್‌ವರೆಗೆ ಅಲ್ಲಿ ದರ ಏರಲಿಲ್ಲ. ಆಗ ಮನೆಗಳಿಗೆ ಮೊದಲ 8 ಸಾವಿರ ಲೀಟರ್‌ವರೆಗೆ ಸಾವಿರ ಲೀಟರ್‌ಗೆ 7 ರೂಪಾಯಿ. 50 ಸಾವಿರ ಲೀಟರ್ ದಾಟಿದ ಮೇಲೆ 45 ರೂಪಾಯಿ. ಅಂದರೆ ಕೆಳಗಿನ ಹಂತದ ದರ ಸರಾಸರಿ ವೆಚ್ಚ ಹಾಗಿರಲಿ, ಸೀಮಾಂತ ವೆಚ್ಚಕ್ಕಿಂತಲೂ ಕೆಳಗೆ. ಹೋಟೆಲಿಂಗ್ ಕೂಡ ಇದನ್ನು ಇಡಿ ಅನ್ನುತ್ತಿರಲಿಲ್ಲ. ಬಡ ಮನೆಗೆ ನೀರು ಸಿಗಲಿ ಅಂತ ಬೇಕೆಂದೇ ಕೊಟ್ಟ ರಿಯಾಯಿತಿ ಇದು. ಮೇಲಿನ ಹಂತದವರೂ ಅಂಗಡಿ, ಕಾರ್ಖಾನೆಗಳೂ ಸ್ವಲ್ಪ ಭಾರ ಹೊರುತ್ತವೆ. ಇದಕ್ಕೆ ‘ಸಬ್ಸಿಡಿ’ ಸರಿಯಾದ ಪದ. ಸೋರಿಕೆ ಇನ್ನೊಂದು ಕಥೆ. ಸೋರಿಹೋದ ನೀರಿಗೂ ಆ 10 ರೂಪಾಯಿ ಖರ್ಚಾಗಿರುತ್ತದೆ, ಅದು ಪೂರ್ತಿ ನಿಮ್ಮ ‘ನಷ್ಟ’.

ಇನ್ನೊಂದು ಮಾತು. 2024ರ ಬೇಸಿಗೆಯಲ್ಲಿ ನೀರೇ ಇಲ್ಲವಾದಾಗ ಪಂಪಿನ ಖರ್ಚನ್ನು ಸೀಮಾಂತ ವೆಚ್ಚ ಅನ್ನಲಾಗದು. ಆಗ ಇನ್ನೊಂದು ಸಾವಿರ ಲೀಟರ್ ಬೇಕಾದರೆ ಟ್ಯಾಂಕರ್ ತರಿಸಬೇಕು. ಜಿಲ್ಲಾಡಳಿತ ಟ್ಯಾಂಕರ್‌ಗೆ ಕಟ್ಟಿದ ಮಿತಿಯೇ 5 ಕಿಲೋಮೀಟರ್ ಒಳಗೆ 6 ಸಾವಿರ ಲೀಟರ್‌ಗೆ 600 ರೂಪಾಯಿ. ಸಾವಿರ ಲೀಟರ್‌ಗೆ ನೂರು. ನೀರು, ಪೈಪು ಸಾಲದೆ ಬಂದಾಗ ಸೀಮಾಂತ ವೆಚ್ಚ ಸರಾಸರಿಯನ್ನು ದಾಟುತ್ತದೆ. ಆ ದರ ಇಟ್ಟರೆ ಕೊರತೆಯ ಬದಲು ಉಳಿಕೆ ಬರುತ್ತದೆ. ನಿಮ್ಮ ವಾಕ್ಯಕ್ಕೆ ‘ಸಾಮರ್ಥ್ಯ ಮಿಕ್ಕಿರುವಾಗ’ ಅಂತ ಸೇರಿಸಿಕೊಳ್ಳಿ ಸುಮಾ ಅವರೇ. ಅದಿಲ್ಲದಿದ್ದರೆ ವಾಕ್ಯ ಅರ್ಧ ಸುಳ್ಳು.

ಸುಮಾ:
ತುಂಬಾ ಉಪಕಾರವಾಯಿತು. ಈಗ ಹೀಗೆ ಬರೆದೆ: “ಪೈಪು, ತಂತಿಯಂಥ ಸೇವೆಯಲ್ಲಿ ಸಾಮರ್ಥ್ಯ ಮಿಕ್ಕಿರುವಾಗ, ಇನ್ನೊಂದು ಘಟಕ ಕೊಡಲು ತಗಲುವ ಖರ್ಚನ್ನಷ್ಟೇ ದರವಾಗಿ ಇಟ್ಟರೆ ಹಾಕಿದ ಬಂಡವಾಳ ವಸೂಲಾಗುವುದಿಲ್ಲ. ಈ ಕೊರತೆಯನ್ನು ತೆರಿಗೆಯಿಂದಲೋ ಸಂಪರ್ಕ ಶುಲ್ಕದಿಂದಲೋ ತುಂಬಬೇಕು.” ‘ಸೀಮಾಂತ ವೆಚ್ಚ’ ಪರೀಕ್ಷೆಗೆ ಬೇಕಾಗುತ್ತದೆ, ಅದನ್ನು ಮುಂದಿನ ವಾಕ್ಯದಲ್ಲಿ ಪರಿಚಯಿಸುತ್ತೇನೆ. ‘ಸ್ವಾಭಾವಿಕ’ದ ಬದಲು ‘ಸಹಜ ಏಕಸ್ವಾಮ್ಯ’ ಆಗಬಹುದೇ?

ಬಸವರಾಜು:
‘ಸಹಜ’ ಅಂದರೆ ಇದು ಹೀಗೇ ಇರಬೇಕು ಅಂತ ಒಪ್ಪಿಕೊಂಡ ಹಾಗೆ ಕೇಳಿಸುತ್ತದೆ ಮೇಡಂ. ‘ಒಂಟಿ ಪೈಪಿನ ವ್ಯಾಪಾರ’ ಅಂದರೆ ಸಾಲದೇ?

ರಾಘವೇಂದ್ರ:
ವಾಕ್ಯ ಚೆನ್ನಾಗಿದೆ. ‘ಕೊರತೆ’ಗೆ ಮಾತ್ರ ನನ್ನ ತಕರಾರು ಹಾಗೇ ಇದೆ. ವರ್ಷದ ಕೊನೆಗೆ ಲೆಕ್ಕಪತ್ರದಲ್ಲಿ ಬಂಡವಾಳದ ಭಾರ, ರಿಯಾಯಿತಿ, ಸೋರಿಕೆ ಮೂರೂ ಒಂದೇ ಮೊತ್ತವಾಗಿ ಕೂತಿರುತ್ತವೆ. ಸಂಸ್ಥೆಯವರು ಪೂರ್ತಿ ಮೊತ್ತವನ್ನು ‘ಕೊರತೆ’ ಅಂದು ಸರ್ಕಾರದ ಮುಂದೆ ಇಟ್ಟರೆ, ಅದರಲ್ಲಿ ಸೋರಿಕೆ ಎಷ್ಟು ಅಂತ ಯಾರು ಬೇರ್ಪಡಿಸುತ್ತಾರೆ ವೆಂಕಟೇಶಮೂರ್ತಿಗಳೇ?