ಜೋಡಿ ಪೈಪಿಗೆ ಎರಡು ಬೇರೆ ಹೆಡ್ ಲಾಸ್ ಬರ್ತಿದೆ, ಕೂಡಬೇಕಾ?

ಕೇಳಿದವರು: ಎರಡು ಜಂಕ್ಷನ್ ನಡುವೆ ಹಳೇ 150 ಮಿ.ಮೀ. ಪೈಪ್ ಇದೆ, 600 ಮೀಟರ್. ಈಗ ಅದೇ ಎರಡು ಜಂಕ್ಷನ್‌ಗೆ ಬೇರೆ ದಾರಿಯಲ್ಲಿ ಹೊಸ 200 ಮಿ.ಮೀ. ಪೈಪ್ ಎಳೆದಿದ್ದೇವೆ, 800 ಮೀಟರ್. ಒಟ್ಟು ಸೆಕೆಂಡಿಗೆ 40 ಲೀಟರ್ ಹೋಗಬೇಕು. ವಿಸ್ತೀರ್ಣದ ಅನುಪಾತದಲ್ಲಿ ಹಂಚಿ ಹಳೆಯದಕ್ಕೆ 14.4, ಹೊಸದಕ್ಕೆ 25.6 ಲೀಟರ್ ಅಂತ ಹಿಡಿದೆ. ಘರ್ಷಣೆಯ ಗುಣಾಂಕ f ಹಳೆಯದಕ್ಕೆ 0.030, ಹೊಸದಕ್ಕೆ 0.020. ಹೆಡ್ ಲಾಸ್ ಒಂದರಲ್ಲಿ 4.06 ಮೀಟರ್, ಇನ್ನೊಂದರಲ್ಲಿ 2.71 ಬಂತು. ಕೂಡಬೇಕಾ, ಸರಾಸರಿ ತಗೋಬೇಕಾ? ಮಾಡಿ ನೋಡಿದವರು ಹೇಳಿ.

ತೋಟದ ನೀರು: ನಂದೂ ಇದೇ ಕಥೆ. ಒಂದೇ ಟ್ಯಾಂಕಿನಿಂದ ಎರಡು ಪೈಪ್, ಒಂದು ಮೇಲಿನ ತೊಟ್ಟಿಗೆ, ಇನ್ನೊಂದು ಕೆಳಗಿನ ತೊಟ್ಟಿಗೆ. ದಪ್ಪ ಪೈಪು ಮೇಲಿನದಕ್ಕೇ ಹಾಕಿದ್ದೀನಿ, ಆದರೂ ನೀರೆಲ್ಲ ಕೆಳಗಿನದಕ್ಕೇ ಓಡುತ್ತೆ. ಲೆಕ್ಕಗಿಕ್ಕ ನಂಬಬೇಡಿ, ವಾಲ್ವ್ ತಿರುಗಿಸಿ ಸರಿಮಾಡಿಕೊಳ್ಳಿ.

ಹಳೇ ಸ್ಪಿಂಡಲ್: ತೋಟದವರೇ, ನಿಮ್ಮ ಎರಡು ಪೈಪ್ ಹೊರಡೋದು ಒಂದೇ ಕಡೆಯಿಂದ, ಸೇರೋದು ಬೇರೆ ಬೇರೆ ಕಡೆಗೆ. ಅದು ಜೋಡಿ ಪೈಪ್ ಅಲ್ಲ, ಕವಲು. ಎರಡರಲ್ಲೂ ಲಾಸ್ ಒಂದೇ ಅನ್ನೋ ನಿಯಮ ಅಲ್ಲಿ ನಡೆಯೋದಿಲ್ಲ.

ಕೇಳಿದವರಿಗೆ: ಕೂಡೋದೂ ಬೇಡ, ಸರಾಸರಿಯೂ ಬೇಡ. ಎರಡು ಉತ್ತರ ಬಂದಿದೆ ಅಂದರೆ ಹಂಚಿದ್ದೇ ತಪ್ಪು. ಎರಡೂ ಜಂಕ್ಷನ್‌ನಲ್ಲಿ ಒಂದೊಂದು ಗಾಜಿನ ನಳಿಗೆ ನಿಲ್ಲಿಸಿದ್ದೀರಿ ಅಂದುಕೊಳ್ಳಿ. ನೀರು ಎಷ್ಟು ಎತ್ತರಕ್ಕೆ ಏರಿದೆ ಅಂತ ಆ ಎರಡು ನಳಿಗೆ ತೋರಿಸುತ್ತವೆ, ಅವುಗಳ ನಡುವಿನ ಇಳಿಕೆ ಒಂದೇ ಒಂದು ಸಂಖ್ಯೆ. ಹಳೇ ಪೈಪಿನಲ್ಲಿ ಬಂದ ನೀರಿಗೊಂದು, ಹೊಸದರಲ್ಲಿ ಬಂದ ನೀರಿಗೊಂದು ಅಂತ ಜಂಕ್ಷನ್ ಎರಡು ಮಟ್ಟ ಇಟ್ಟುಕೊಳ್ಳೋದಿಲ್ಲ. ನಿಮ್ಮ ಹಂಚಿಕೆಯಲ್ಲಿ ಹಳೇ ಪೈಪಿಗೆ ಹೆಚ್ಚು ಹೊರಿಸಿದ್ದೀರಿ. ಎರಡೂ ಕಡೆ ಲಾಸ್ ಸಮ ಆಗೋವರೆಗೂ ನೀರು ತಾನಾಗೇ ಹೊಸದರ ಕಡೆ ಸರಿಯುತ್ತೆ.

ಊಹಿಸಿ ತಿದ್ದೋ ಅಗತ್ಯವೂ ಇಲ್ಲ. ಲಾಸ್ h, ಹರಿವು Q, ಉದ್ದ L, ವ್ಯಾಸ D ಅಂತಿಟ್ಟುಕೊಂಡು ಪ್ರತಿ ಪೈಪಿಗೂ ಒಂದು K ತೆಗೆಯಿರಿ:

```
h = K Q²
K = 0.0826 f L / D⁵    (ಮೀಟರ್, ಸೆಕೆಂಡ್)
```

ಹಳೆಯದಕ್ಕೆ ಸುಮಾರು 19,580, ಹೊಸದಕ್ಕೆ 4,130 ಬರುತ್ತೆ. h ಎರಡಕ್ಕೂ ಒಂದೇ ಆದ್ದರಿಂದ ಹೊಸದರ ಹರಿವು ಹಳೆಯದರ √(19580/4130) ಪಟ್ಟು, ಅಂದರೆ 2.18 ಪಟ್ಟು. 40 ಲೀಟರನ್ನು 1ಕ್ಕೆ 2.18ರಂತೆ ಒಡೆದರೆ ಹಳೆಯದಕ್ಕೆ 12.6, ಹೊಸದಕ್ಕೆ 27.4. ಎರಡರಲ್ಲೂ ಲಾಸ್ 3.10 ಮೀಟರ್. ಅಷ್ಟೇ.

ವಿಸ್ತೀರ್ಣದಿಂದ ಹಂಚಿದರೆ ಎರಡು ಪೈಪಿನಲ್ಲೂ ವೇಗ ಒಂದೇ ಅಂತ ಹಿಡಿದ ಹಾಗಾಯ್ತು. ನಿಜದಲ್ಲಿ ಇಲ್ಲಿ ಹಳೆಯದರಲ್ಲಿ ಸೆಕೆಂಡಿಗೆ 0.71 ಮೀಟರ್, ಹೊಸದರಲ್ಲಿ 0.87. ಸಣ್ಣ, ಒರಟು ಪೈಪಿನಲ್ಲಿ ಅದೇ ವೇಗಕ್ಕೆ ಪ್ರತಿ ಮೀಟರಿಗೂ ಹೆಚ್ಚು ಲಾಸ್. ಹೊಸದು 200 ಮೀಟರ್ ಹೆಚ್ಚು ಉದ್ದ ಇದ್ದರೂ ಗೆಲ್ಲೋದು ಅದಕ್ಕೇ.

ಅಂದಾಜು ಸಾಕು: ಇಷ್ಟೆಲ್ಲ ಯಾಕೆ? ನಾನು ಮೂರು ಕಡೆ ವಿಸ್ತೀರ್ಣದ ಮೇಲೇ ಹಂಚಿದ್ದೀನಿ, ಮೀಟರ್ ಹಾಕಿ ನೋಡಿದಾಗ ಹತ್ತಿರಹತ್ತಿರ ಸರಿ ಬಂದಿದೆ.

ಹಳೇ ಸ್ಪಿಂಡಲ್: ಎರಡೂ ಒಂದೇ ವ್ಯಾಸ, ಒಂದೇ ಉದ್ದ, ಒಂದೇ ವಯಸ್ಸಿನ ಪೈಪ್ ಆಗಿದ್ದರೆ ಬರಲೇಬೇಕು, ಅರ್ಧ ಅರ್ಧ. ನಿಮ್ಮವು ಹಾಗಿದ್ದವಾ?

ಅಂದಾಜು ಸಾಕು: ಎರಡು ಕಡೆ ಹಾಗೇ ಇತ್ತು, ಒಪ್ಪಿದೆ. ಮೂರನೇದು ಇವರ ಥರಾನೇ, ಹಳೇ 150, ಹೊಸ 200. ಉದ್ದವೂ ಹೆಚ್ಚುಕಡಿಮೆ ಇಷ್ಟೇ. ಅಲ್ಲೂ ಬಂತಲ್ಲ?

ಹಳೇ ಸ್ಪಿಂಡಲ್: ಹಾಗಾದರೆ ಹೊಸ ಪೈಪಿನ ವಾಲ್ವ್ ನೋಡಿ. ಈ ಪ್ರಶ್ನೆಯ ಲೆಕ್ಕದಲ್ಲೇ ಹೊಸ ಪೈಪಿಗೆ ಲಾಸ್ ಗುಣಾಂಕ 40 ಇರೋ ವಾಲ್ವ್ ಒಂದನ್ನು ಸೇರಿಸಿದೆ. ಅದರ K 4,130 ಇದ್ದದ್ದು ಸುಮಾರು 6,200 ಆಗುತ್ತೆ, ಹಂಚಿಕೆ ಸರಿಯಾಗಿ 14.4 ಮತ್ತು 25.6ಕ್ಕೆ ಬಂದು ಕೂರುತ್ತೆ! ನನಗೂ ನಗು ಬಂತು. ವಿಸ್ತೀರ್ಣದ ನಿಯಮ ಸರಿ ಅಂತ ಮೀಟರೇ ಸಾಕ್ಷಿ ಹೇಳುತ್ತೆ, ಆದರೆ ಲಾಸ್ 3.1ರ ಬದಲು 4.06 ಮೀಟರ್ ತೆರುತ್ತಾ ಇರುತ್ತೀರಿ.

ಗಮನಿಸಿ, ಗೇಟ್ ವಾಲ್ವ್ ಅರ್ಧ ತೆರೆದಿದ್ದರೆ ಗುಣಾಂಕ 2ರ ಆಸುಪಾಸು ಅಷ್ಟೇ. ಇಷ್ಟು ಉದ್ದದ ಪೈಪಿನಲ್ಲಿ ಅದರಿಂದ ಹಂಚಿಕೆ 0.1 ಲೀಟರ್ ಕದಲುತ್ತೆ, ಮೀಟರಿಗೆ ಗೊತ್ತೇ ಆಗೋದಿಲ್ಲ. ಕಾಲು ಭಾಗಕ್ಕಿಂತ ಕಡಿಮೆ ತೆರೆದಾಗಲೇ ಅದು 40ರ ಮಟ್ಟಕ್ಕೆ ಏರೋದು.

ಅಂದಾಜು ಸಾಕು: ಪೂರ್ತಿ ತೆರೆದಿದೆ ಅಂತಲೇ ಹೇಳಿದ್ದರು. ಸ್ಪಿಂಡಲ್ ಸುತ್ತು ಯಾರೂ ಎಣಿಸಿಲ್ಲ ಅನ್ನೋದೂ ನಿಜ.

ಕೇಳಿದವರು: ಲೆಕ್ಕ ಹಾಕಿದೆ, ಎರಡೂ 3.10 ಬಂತು, ಧನ್ಯವಾದ. ಇನ್ನೊಂದು ಅನುಮಾನ. ಹೊಸ ಪೈಪ್ ಮಧ್ಯದಲ್ಲಿ ಒಂದು ದಿಬ್ಬ ಹತ್ತಿ ಇಳಿಯುತ್ತೆ, ಸುಮಾರು 9 ಮೀಟರ್. ಅದನ್ನು ಹೊಸದರ ಲಾಸ್‌ಗೆ ಸೇರಿಸಬೇಕಾ?

ಹಳೇ ಸ್ಪಿಂಡಲ್: ಬೇಡ. ಹತ್ತುವಾಗ ಕೊಟ್ಟದ್ದು ಇಳಿಯುವಾಗ ವಾಪಸ್ ಬರುತ್ತೆ, ಪೈಪ್ ತುಂಬಿ ಹರಿಯುತ್ತಿದ್ದರೆ.

ಆ ‘ತುಂಬಿ’ ಅನ್ನೋದರಲ್ಲೇ ನಾನು ಒಮ್ಮೆ ಸಿಕ್ಕಿಬಿದ್ದೆ. ಹೊಸ ಪೈಪ್ ನೂರಕ್ಕೆ ಎಪ್ಪತ್ತು ಭಾಗ ಒಯ್ಯಬೇಕು ಅಂತ ಲೆಕ್ಕ ಕೊಟ್ಟಿದ್ದೆ. ಹೊರಗಿನಿಂದ ಕಟ್ಟೋ ಅಲ್ಟ್ರಾಸಾನಿಕ್ ಮೀಟರ್ ಅರ್ಧಕ್ಕಿಂತ ಕಡಿಮೆ ತೋರಿಸ್ತು. ಎರಡು ದಿನ f ಬದಲಾಯಿಸಿ ಬದಲಾಯಿಸಿ ಲೆಕ್ಕವನ್ನು ಮೀಟರಿಗೆ ಹೊಂದಿಸೋಕೆ ಒದ್ದಾಡಿದೆ. ಕೊನೆಗೆ ದಿಬ್ಬದ ಮೇಲೆ ಹೋಗಿ ನೋಡಿದರೆ ಏರ್ ವಾಲ್ವ್ ಇದೆ, ಅದರ ಕೆಳಗಿನ ಕಾಕ್ ಮುಚ್ಚಿದೆ. ತಿರುಗಿಸಿದ ಕೂಡಲೇ ಬುಸ್ ಅಂತ ಗಾಳಿ ಶುರುವಾಗಿ ಹತ್ತು ನಿಮಿಷ ನಿಲ್ಲಲೇ ಇಲ್ಲ, ಆಮೇಲೆ ನೀರು ಉಗುಳ್ತು. ಮಧ್ಯಾಹ್ನದ ಹೊತ್ತಿಗೆ ಮೀಟರ್ ಲೆಕ್ಕದ ಹತ್ತಿರ ಬಂತು.

ಗೇಜ್ ಓದುಗ: ನನ್ನದೊಂದು ತಕರಾರು. f ಅನ್ನು 0.030, 0.020 ಅಂತ ಮೊದಲೇ ಹಿಡಿದುಬಿಟ್ಟರೆ ಹೇಗೆ? ಅದು ಹರಿವಿನ ಮೇಲೂ ನಿಂತಿದೆ.

ಹಳೇ ಸ್ಪಿಂಡಲ್: ಸರಿಯಾದ ತಕರಾರು. ಬಂದ ಹರಿವಿನಿಂದ f ಮತ್ತೆ ತೆಗೆದು ಒಂದು ಸುತ್ತು ತಿರುಗಿಸಬೇಕು. ಹಳೆಯದಕ್ಕೆ ಒರಟುತನ 0.75 ಮಿ.ಮೀ., ಹೊಸದಕ್ಕೆ 0.15 ಹಿಡಿದು ನೋಡಿದೆ: f 0.0315 ಮತ್ತು 0.0204. ಹರಿವು 12.5 ಮತ್ತು 27.5 ಆಯ್ತು, ಲಾಸ್ 3.19 ಮೀಟರ್. ಹಂಚಿಕೆ ವರ್ಗಮೂಲದಲ್ಲಿ ಇರೋದರಿಂದ f ತಪ್ಪು ಅದನ್ನು ಅಷ್ಟಾಗಿ ಅಲುಗಿಸೋದಿಲ್ಲ. ಲಾಸ್ ಅದಕ್ಕಿಂತ ಹೆಚ್ಚು ಅಲುಗುತ್ತೆ.

ಗೇಜ್ ಓದುಗ: ಹಳೇ ಪೈಪಿನ 0.75 ಅನ್ನೋದೂ ಊಹೆ ತಾನೆ? ಒಳಗೆ ತುಕ್ಕು ಗಂಟು ಕಟ್ಟಿದ್ದರೆ ವ್ಯಾಸವೇ 150 ಇರೋದಿಲ್ಲ, D ಐದನೇ ಘಾತದಲ್ಲಿದೆ. 140ಕ್ಕೆ ಇಳಿದರೆ K ಸುಮಾರು 1.4 ಪಟ್ಟು ಆಗುತ್ತೆ. ನನ್ನ ಪ್ರಕಾರ ರಾತ್ರಿ ಹೊಸದನ್ನು ಮುಚ್ಚಿ, ಹಳೆಯದರಲ್ಲಿ ಮಾತ್ರ ಹರಿಸಿ, ಆ ಹರಿವನ್ನು ಅಳೆದು, ಎರಡೂ ಜಂಕ್ಷನ್‌ನಲ್ಲಿ ಒತ್ತಡ ಓದಿ, K ನೇರವಾಗಿ ತೆಗೆಯೋದೇ ದಾರಿ. ಮಧ್ಯೆ ಯಾವುದೇ ಕನೆಕ್ಷನ್ ನೀರು ಎಳೆಯುತ್ತಿರಬಾರದು.

ಕೇಳಿದವರು: ಹಳೇ ಪೈಪಿಗೆ ಮಧ್ಯದಲ್ಲಿ ಒಂದು ಕನೆಕ್ಷನ್ ಇದೆ, ಅದನ್ನು ಬರೆಯೋದು ಮರೆತಿದ್ದೆ. ಗೇಜ್ ಇರೋದು 0ರಿಂದ 10 ಬಾರ್‌ವರೆಗಿನದು, ಗೀಟು 0.2ಕ್ಕೊಂದು.

ಗೇಜ್ ಓದುಗ: 3.1 ಮೀಟರ್ ಅಂದರೆ 0.3 ಬಾರ್, ಒಂದೂವರೆ ಗೀಟು. ಆ ಗೇಜಲ್ಲಿ ಆಗೋದಿಲ್ಲ, ಸಣ್ಣ ಗೀಟಿನದು ತನ್ನಿ, ಒಂದೇ ಗೇಜನ್ನು ಎರಡೂ ಕಡೆ ಹಾಕಿ ಓದಿ. ಎರಡು ಜಂಕ್ಷನ್‌ನ ಎತ್ತರದ ವ್ಯತ್ಯಾಸ ಕಳೆಯೋದು ಮರೀಬೇಡಿ. ಆ ಕನೆಕ್ಷನ್ ಎಷ್ಟು ಎಳೆಯುತ್ತೆ?

ಕೇಳಿದವರು: ಮೀಟರ್ ಇಲ್ಲ. ನಾಳೆ ಡ್ರಮ್ ಇಟ್ಟು ಹಿಡಿದು ನೋಡ್ತೀನಿ.