ಚಿಂತಾಮಣಿ: ಬೇಸಿಗೆ ಬಂದಮೇಲೆ ಗೋಡೆ ಗಡಿಯಾರ ಹಿಂದೆ ಬೀಳುತ್ತಿದೆ, ಸೆಕೆಯೇ ಕಾರಣವಾ?

ಚಿಂತಾಮಣಿ_ಮನೆ
ಅಜ್ಜನ ಕಾಲದ ಕೀ ಕೊಡುವ ಪೆಂಡುಲಮ್ ಗಡಿಯಾರ. ಜನವರಿಯಲ್ಲಿ ರೇಡಿಯೋ ಟೈಮಿಗೆ ಸರಿಯಾಗಿ ಹೊಡೆಯುತ್ತಿತ್ತು. ಈಗ ಏಪ್ರಿಲ್‌ನಲ್ಲಿ 15 ದಿನಕ್ಕೆ 25 ನಿಮಿಷ ಹಿಂದೆ. ಆಗ ರೂಮು 22 ಡಿಗ್ರಿ ಇತ್ತು, ಈಗ 34. ಬಿಸಿಗೆ ಪೆಂಡುಲಮ್ ಉದ್ದ ಆಗಿದೆ ಅಂತ ನನ್ನ ಲೆಕ್ಕ. ದಿನಾ ಮುಳ್ಳು ತಿರುಗಿಸಿ ಸಾಕಾಗಿದೆ. ಏನು ಮಾಡಲಿ?

ಶಿರಾ_ಮೇಷ್ಟ್ರು
ಸರಿಯಾಗಿಯೇ ಹೇಳಿದ್ದೀರಿ, ಸೆಕೆಯೇ. ಹಿತ್ತಾಳೆ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 19 ಪಾಲು ಹಿಗ್ಗುತ್ತದೆ. 12 ಡಿಗ್ರಿಗೆ ಲೆಕ್ಕ ಹಾಕಿ 86400ರಿಂದ ಗುಣಿಸಿ, ದಿನಕ್ಕೆ 20 ಸೆಕೆಂಡು. ಗೋಡೆ ಪಶ್ಚಿಮಕ್ಕಿದ್ದರೆ ಇನ್ನೂ ಜಾಸ್ತಿ.

ತಿಪಟೂರು_ಹಳೇಗಡಿಯಾರ
ಮೇಷ್ಟ್ರೇ, ಅರ್ಧ ಬಿಟ್ಟುಬಿಟ್ಟಿರಿ. ಆಂದೋಲನದ ಕಾಲ ಉದ್ದದ ವರ್ಗಮೂಲದ ಮೇಲೆ ನಿಂತಿದೆ. ಅದಕ್ಕೇ ಉದ್ದ ಎಷ್ಟು ಪಾಲು ಹೆಚ್ಚುತ್ತದೋ, ಕಾಲ ಅದರ ಅರ್ಧ ಪಾಲು ಮಾತ್ರ ಹೆಚ್ಚುತ್ತದೆ.

```
86400 × 0.5 × 0.000019 × 12 = 9.85
```

ದಿನಕ್ಕೆ 10 ಸೆಕೆಂಡು ಅಷ್ಟೇ. ಇವರದ್ದು ಎಷ್ಟು? 25 ನಿಮಿಷ ಅಂದರೆ 1500 ಸೆಕೆಂಡು, 15 ದಿನಕ್ಕೆ ಹಂಚಿದರೆ ದಿನಕ್ಕೆ 100. ಉಳಿದ 90 ಸೆಕೆಂಡು ಎಲ್ಲಿಂದ ಬಂತು ಅನ್ನೋದೇ ಪ್ರಶ್ನೆ. ಕಡ್ಡಿ ಹಿತ್ತಾಳೆಯದೋ ಉಕ್ಕಿನದೋ ನೋಡಿ. ಉಕ್ಕಾದರೆ ಸೆಕೆಯ ಪಾಲು 6 ಸೆಕೆಂಡಿಗೆ ಇಳಿಯುತ್ತದೆ.

ಕೋಲಾರ_ಉದ್ದಪೆಂಡುಲಮ್
ನನ್ನ ಹತ್ತಿರ ನಿಲ್ಲುವ ಗಡಿಯಾರ ಇದೆ, ಪೆಂಡುಲಮ್ ಸುಮಾರು ಒಂದು ಮೀಟರ್. ಅದು ನಾಲ್ಕು ಪಟ್ಟು ಜಾಸ್ತಿ ಹಿಂದೆ ಬೀಳಬೇಕಲ್ವಾ? ಬೀಳುವುದೇ ಇಲ್ಲ. ಕಡ್ಡಿ ಮರದ್ದು, ಪಾಲಿಶ್ ಹಾಕಿಸಿದ್ದೇನೆ, ಫೋಟೋ ಹಾಕಲಾ?

ತಿಪಟೂರು_ಹಳೇಗಡಿಯಾರ
ಉದ್ದ ಇದ್ದರೆ ತಪ್ಪು ಹೆಚ್ಚಲ್ಲ. ಮೀಟರ್ ಕಡ್ಡಿ ಜಾಸ್ತಿ ಹಿಗ್ಗುತ್ತದೆ ನಿಜ, ಆದರೆ ಅದರ ಉದ್ದವೂ ಜಾಸ್ತಿ, ಪಾಲು ಒಂದೇ. ನಿಮ್ಮದು ಸರಿ ನಡೆಯುವುದು ಮರದಿಂದ. ಮರ ನಾರಿನ ಉದ್ದಕ್ಕೆ ಬಿಸಿಗೆ ತುಂಬ ಕಡಿಮೆ ಹಿಗ್ಗುತ್ತದೆ. ಮಳೆಗಾಲದ ತೇವಕ್ಕೆ ಮಾತ್ರ ಎಚ್ಚರ.

ಶಿರಾ_ಮೇಷ್ಟ್ರು
ಅರ್ಧದ ವಿಚಾರ ಒಪ್ಪಿದೆ. ಆದರೂ ಸೆಕೆಯನ್ನು ಬಿಡಬೇಡಿ. ಗಾಜಿನ ಪೆಟ್ಟಿಗೆಯೊಳಗೆ ರೂಮಿಗಿಂತ ಬಿಸಿ ಇರುತ್ತದೆ.

ತಿಪಟೂರು_ಹಳೇಗಡಿಯಾರ
ಎಷ್ಟು ಬಿಸಿ? ಒಂದು ಡಿಗ್ರಿಗೆ ದಿನಕ್ಕೆ 0.82 ಸೆಕೆಂಡು. 100 ಸೆಕೆಂಡು ಬರಬೇಕಾದರೆ 122 ಡಿಗ್ರಿ ವ್ಯತ್ಯಾಸ ಬೇಕು, ಅಂದರೆ ಪೆಟ್ಟಿಗೆಯೊಳಗೆ 144 ಡಿಗ್ರಿ. ಮರದ ಪಾಲಿಶ್ ಸುಟ್ಟು ಹೋಗುತ್ತದೆ. ಇನ್ನೊಂದು, ಗಡಿಯಾರ ನಡೆಯುವುದು ಇಡೀ ದಿನದ ಸರಾಸರಿ ಬಿಸಿಗೆ. 34 ಮಧ್ಯಾಹ್ನದ ಲೆಕ್ಕವಾದರೆ 10 ಸೆಕೆಂಡೂ ಪೂರ್ತಿ ಬರಲ್ಲ.
ಚಿಂತಾಮಣಿಯವರೇ, ಜನವರಿ ಆದಮೇಲೆ ಗಡಿಯಾರವನ್ನು ಯಾರಾದರೂ ಮುಟ್ಟಿದ್ದಾರಾ?

ಚಿಂತಾಮಣಿ_ಮನೆ
ಕಡ್ಡಿ ಹಿತ್ತಾಳೆಯದೇ. ಮುಟ್ಟಿದ್ದು ಅಂದರೆ, ಯುಗಾದಿಗೆ ಮನೆಗೆ ಸುಣ್ಣ ಹೊಡೆಸಿದೆವು. ಇಳಿಸಿ, ಪೆಂಡುಲಮ್ ಕಳಚಿ, ಬಿಲ್ಲೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ಮತ್ತೆ ಹಾಕಿದ್ದು. ಅಷ್ಟೇ.

ತಿಪಟೂರು_ಹಳೇಗಡಿಯಾರ
ಅದನ್ನು ಮೊದಲೇ ಹೇಳಬೇಕಿತ್ತು. ತಿಕ್ಕುವಾಗ ಬಿಲ್ಲೆ ಕೆಳಗಿನ ನಟ್ ತಿರುಗಿದೆ ಅನ್ನಿಸುತ್ತದೆ. ಒಂದು ನಿಮಿಷಕ್ಕೆ ಎಷ್ಟು ಟಿಕ್ ಬರುತ್ತದೆ ಎಣಿಸಿ. 120 ಬಂದರೆ ಲೆಕ್ಕದ ಉದ್ದ ಸುಮಾರು 248 ಮಿಲಿಮೀಟರ್. ಆ ಉದ್ದಕ್ಕೆ ಒಂದು ಮಿಲಿಮೀಟರ್ ಇಳಿದರೆ ದಿನಕ್ಕೆ 174 ಸೆಕೆಂಡು ಹಿಂದೆ. ನಿಮ್ಮ 90 ಸೆಕೆಂಡಿಗೆ ಅರ್ಧ ಮಿಲಿಮೀಟರ್ ಸಾಕು. 12 ಡಿಗ್ರಿ ಸೆಕೆಗೆ ಕಡ್ಡಿ ಹಿಗ್ಗಿದ್ದು ಬರೀ 0.06 ಮಿಲಿಮೀಟರ್.
ಈಗ ನಟ್ ಎಲ್ಲಿದೆ ಅಂತ ಪೆನ್ಸಿಲ್ ಗುರುತು ಹಾಕಿ. 10 ಸುತ್ತಿಗೆ ಎಷ್ಟು ಸರಿಯುತ್ತದೆ ಸ್ಕೇಲಿನಲ್ಲಿ ಅಳೆದು, ಗುರುತಿಗೇ ವಾಪಸ್ ತನ್ನಿ.

ಚಿಂತಾಮಣಿ_ಮನೆ
120 ಟಿಕ್ ಸರಿ. 10 ಸುತ್ತಿಗೆ 7 ಮಿಲಿಮೀಟರ್.

ತಿಪಟೂರು_ಹಳೇಗಡಿಯಾರ
ಒಂದು ಸುತ್ತು 0.7, ಅಂದರೆ 122 ಸೆಕೆಂಡು. ಮುಕ್ಕಾಲು ಸುತ್ತು, ಬಿಲ್ಲೆ ಮೇಲೇರುವ ಕಡೆಗೆ. ಮಧ್ಯೆ ಮುಳ್ಳು ಮುಟ್ಟಬೇಡಿ. ಸ್ಪ್ರಿಂಗ್ ಬಿಗಿ ಇದ್ದಾಗಿನ ನಡೆ ಬೇರೆ, ಸಡಿಲವಾದಾಗ ಬೇರೆ, ಅದಕ್ಕೇ ಕೀ ಕೊಟ್ಟ ದಿನದಿಂದ ಮುಂದಿನ ಕೀವರೆಗೆ ಪೂರ್ತಿ ವಾರ ಮೊಬೈಲ್ ಟೈಮಿಗೆ ಹೋಲಿಸಿ.

ಕೋಲಾರ_ಉದ್ದಪೆಂಡುಲಮ್
ಎಣ್ಣೆ ಒಣಗಿದ್ದರೂ ಹೀಗಾಗುತ್ತದೆ. ನನ್ನದಕ್ಕೆ ಪ್ರತಿ ವರ್ಷ ಹಾಕಿಸುತ್ತೇನೆ.

ಶಿರಾ_ಮೇಷ್ಟ್ರು
ಎಣ್ಣೆ ಒಣಗಿದರೆ ತೂಗಾಟದ ಅಗಲ ಕುಗ್ಗುತ್ತದೆ. ತೂಗಾಟ ಕುಗ್ಗಿದರೆ ಗಡಿಯಾರ ಹಿಂದೆ ಬೀಳುವುದಿಲ್ಲ, ಸ್ವಲ್ಪ ಮುಂದೆ ಓಡಬೇಕು.

ಕೋಲಾರ_ಉದ್ದಪೆಂಡುಲಮ್
ನಮ್ಮ ರಿಪೇರಿಯವರು ಹಾಗೆ ಹೇಳಲ್ಲ.

ಚಿಂತಾಮಣಿ_ಮನೆ
ಒಂದು ವಾರ ಆಯಿತು. 1 ನಿಮಿಷ 45 ಸೆಕೆಂಡು ಹಿಂದೆ, ದಿನಕ್ಕೆ 15. ಇದನ್ನೂ ಈಗಲೇ ಸರಿ ಮಾಡಲಾ? ಮಾಡಿದರೆ ಡಿಸೆಂಬರ್ ಚಳಿಗೆ ಮುಂದೆ ಓಡುತ್ತದೆ ಅಲ್ವಾ?

ತಿಪಟೂರು_ಹಳೇಗಡಿಯಾರ
ಓಡುತ್ತದೆ, ದಿನಕ್ಕೆ ಎಂಟತ್ತು ಸೆಕೆಂಡು. ಈಗ ಅರೆಕಾಲು ಸುತ್ತು ಏರಿಸಿ, ನಟ್ ಮೇಲೆ ಹೊಸ ಗುರುತು ಹಾಕಿ. ದೀಪಾವಳಿ ಆದಮೇಲೆ ಅದಕ್ಕಿಂತ ಸ್ವಲ್ಪ ಕಡಿಮೆ ಇಳಿಸಿದರೆ ಆಯಿತು. ನಿಮ್ಮ 15ರಲ್ಲಿ ಸೆಕೆಯದ್ದು ಎಷ್ಟು, ನಟ್‌ದು ಎಷ್ಟು ಅಂತ ಆ ಚಳಿಯ ಲೆಕ್ಕ ಬಂದಾಗಲೇ ಗೊತ್ತಾಗೋದು. ಬರೆದಿಟ್ಟುಕೊಂಡು ಇಲ್ಲೇ ಹಾಕಿ.